ಕೈಕೆಳಗೆ ಯಾರೂ ಇಲ್ಲದ ಹುದ್ದೆ

ಹಂಸಭಾವಿಯ ಚನ್ನವೀರಪ್ಪನ ಮೀಸೆ ಹಣ್ಣಾದದ್ದು ಬೀಜದ ಹೊಲಗಳಲ್ಲಿಯೇ. ಓದು ಮುಗಿಸಿದ ವರ್ಷವೇ ಬೀಜದ ಕಂಪನಿಯೊಂದಕ್ಕೆ ಸೂಪರ್‌ವೈಸರ್ ಆಗಿ ಸೇರಿದವನು, ಬಿಸಿಲು ಮಳೆ ಎನ್ನದೆ ಬದುಗಳ ಮೇಲೆ ಓಡಾಡಿ, ಕೊನೆಗೆ ಹಿರೇಕೆರೂರು ಭಾಗದ ಉತ್ಪಾದನಾ ಮ್ಯಾನೇಜರ್ ಆಗಿದ್ದ. ಕಂಪನಿ ತನ್ನ ಹೈಬ್ರಿಡ್ ಮೆಣಸಿನಕಾಯಿ, ಬೆಂಡೆ, ಟೊಮ್ಯಾಟೊ ಬೀಜವನ್ನು ಸುತ್ತಲಿನ ರೈತರ ಹೊಲದಲ್ಲಿ ಬೆಳೆಸುತ್ತಿತ್ತು. ಸಸಿ ಕಂಪನಿಯದು, ಹೊಲ ರೈತನದು, ಬೆಳೆದ ಬೀಜಕ್ಕೆ ಮೊದಲೇ ಮಾತಾದ ದರ. ಯಾವ ರೈತನಿಗೆ ಬೀಜದ ಪ್ಲಾಟ್ ಕೊಡಬೇಕು, ಯಾರಿಗೆ ಬೇಡ ಎನ್ನುವುದು ಚನ್ನವೀರಪ್ಪನ ಕೈಯಲ್ಲಿತ್ತು. ಹೀಗಾಗಿ ಹಂಸಭಾವಿಯಿಂದ ರಟ್ಟೀಹಳ್ಳಿಯವರೆಗೆ ಅವನ ಬೈಕು ಎಲ್ಲಿ ನಿಂತರೂ ಯಾರಾದರೊಬ್ಬರು "ಬರ್ರಿ ಸಾಹೇಬ್ರ, ಚಾ ಕುಡದ ಹೋಗ್ರಿ" ಎನ್ನುವವರೇ.

ಆ ಮಾತು ಅವನಿಗೆ ರುಚಿಸುತ್ತಿತ್ತು. ಅದನ್ನು ಅವನು ಯಾರ ಮುಂದೂ ಒಪ್ಪಿಕೊಂಡಿರಲಿಲ್ಲ, ಅಷ್ಟೇ.

ಏಪ್ರಿಲ್ ಕೊನೆಯ ವಾರದ ಒಂದು ಮಧ್ಯಾಹ್ನ ಹುಬ್ಬಳ್ಳಿಯ ಪ್ರಾದೇಶಿಕ ಕಚೇರಿಯಿಂದ ಇಬ್ಬರು ಹಿರೇಕೆರೂರಿಗೆ ಬಂದರು. ಒಬ್ಬರು ಅವನ ಮೇಲಿನ ಸಾಹೇಬರು. ಇನ್ನೊಬ್ಬಾಕೆ ಮಾನವ ಸಂಪನ್ಮೂಲ ವಿಭಾಗದ ಸುಧಾರಾಣಿ. ಸೂಪರ್‌ವೈಸರ್‌ಗಳೆಲ್ಲ ಹೊಲದ ಕಡೆ ಹೋಗುವ ಹೊತ್ತನ್ನೇ ಅವರು ಆರಿಸಿಕೊಂಡಿದ್ದರು. ಚನ್ನವೀರಪ್ಪನಿಗೆ ಅದು ಆಮೇಲೆ ತಿಳಿಯಿತು.

ಸಾಹೇಬರು ಸುತ್ತುಬಳಸಲಿಲ್ಲ. ಬೆಂಡೆ ಬೀಜದ ಕೆಲಸವನ್ನು ಕಂಪನಿ ಈ ಭಾಗದಿಂದ ಪೂರ್ತಿ ತೆಗೆದು ಬೇರೆ ರಾಜ್ಯಕ್ಕೆ ಒಯ್ಯುತ್ತಿದೆ. ಉಳಿಯುವ ಪ್ಲಾಟುಗಳು ಅರ್ಧಕ್ಕೂ ಕಡಿಮೆ. ಹಿರೇಕೆರೂರಿಗೆ ಒಬ್ಬ ಮ್ಯಾನೇಜರ್, ಹಾನಗಲ್, ಶಿಗ್ಗಾಂವಿ, ಸವಣೂರಿಗೆ ಇನ್ನೊಬ್ಬ ಮ್ಯಾನೇಜರ್ ಎಂದು ಇಡುವಷ್ಟು ಕೆಲಸ ಇನ್ನು ಇಲ್ಲ. ನಾಲ್ಕೂ ತಾಲ್ಲೂಕು ಸೇರಿಸಿ ಒಂದೇ ಭಾಗ ಮಾಡುತ್ತಾರೆ. ಅದನ್ನು ಶಿಗ್ಗಾಂವಿಯಲ್ಲಿರುವ ಅಸದ ನೋಡಿಕೊಳ್ಳುತ್ತಾನೆ.

ಸವಣೂರಿನ ಅಸದ ಕಂಪನಿಗೆ ಸೇರಿದಾಗ, ಮೆಣಸಿನ ಮೊಗ್ಗನ್ನು ಯಾವ ಹೊತ್ತಿನಲ್ಲಿ ಬಿಡಿಸಿ ಗಂಡು ಕೇಸರ ತೆಗೆಯಬೇಕೆಂದು ಕೈಹಿಡಿದು ತೋರಿಸಿಕೊಟ್ಟವನು ಚನ್ನವೀರಪ್ಪನೇ.

"ಮತ್ತ ನಾನ್ರಿ?" ಎಂದ. ದನಿ ಅಷ್ಟು ಸಣ್ಣಗೆ ಹೊರಟಿತೆಂದು ಅವನಿಗೇ ಆಶ್ಚರ್ಯವಾಯಿತು.

ಸುಧಾರಾಣಿ ಪತ್ರವನ್ನು ಮುಂದಿಟ್ಟಳು. ಇಂಗ್ಲಿಷಿನ ಪತ್ರದ ಹಿಂದೆ ಕನ್ನಡದ ಪ್ರತಿಯನ್ನೂ ಪಿನ್ನು ಹಾಕಿ ತಂದಿದ್ದಳು. "ಸರ್, ನಾನ ಓದಿ ಹೇಳ್ತೇನ್ರಿ. ಯಾವುದು ತಿಳೀಲಿಲ್ಲ ಅಲ್ಲೇ ನಿಲ್ಲಸ್ರಿ," ಎಂದು ಓದಿದಳು.

"ಬೆಂಡೆ ಬೀಜೋತ್ಪಾದನೆ ಸ್ಥಳಾಂತರಗೊಂಡಿರುವುದರಿಂದ ಎರಡು ಉತ್ಪಾದನಾ ಭಾಗಗಳನ್ನು ಒಂದುಗೂಡಿಸಲಾಗಿದೆ. ಇದರಿಂದ ಒಂದು ಮ್ಯಾನೇಜರ್ ಹುದ್ದೆ ಉಳಿಯುವುದಿಲ್ಲ. ಇದೇ ವೇಳೆ, ಬೀಜದ ತಳಿಶುದ್ಧತೆಯನ್ನು ಹೊಲದಲ್ಲಿಯೇ ಪರೀಕ್ಷಿಸಲು ಅನುಭವಿಯೊಬ್ಬರ ಅಗತ್ಯವಿದೆ. ಆದ್ದರಿಂದ ಮೇ ಒಂದರಿಂದ ತಮ್ಮನ್ನು ಬೀಜ ಗುಣಮಟ್ಟ ತಜ್ಞರೆಂದು ನೇಮಿಸಲಾಗಿದೆ. ಈ ಹುದ್ದೆಯಲ್ಲಿ ತಮಗೆ ವರದಿ ಮಾಡುವ ಸಿಬ್ಬಂದಿ ಇರುವುದಿಲ್ಲ. ತಾವು ನೇರವಾಗಿ ಭಾಗದ ಮ್ಯಾನೇಜರ್ ಅವರಿಗೆ ವರದಿ ಮಾಡತಕ್ಕದ್ದು. ತಮ್ಮ ಮೂಲ ವೇತನ, ಭತ್ಯೆಗಳು, ಶ್ರೇಣಿ, ಭವಿಷ್ಯ ನಿಧಿ ಹಾಗೂ ಸೇವಾ ಅವಧಿಯ ಲೆಕ್ಕದಲ್ಲಿ ಯಾವ ಬದಲಾವಣೆಯೂ ಇಲ್ಲ. ಇದು ಶಿಸ್ತುಕ್ರಮವಲ್ಲ, ತಮ್ಮ ಕಾರ್ಯಕ್ಷಮತೆಯ ಕುರಿತ ತೀರ್ಮಾನವೂ ಅಲ್ಲ."

ಓದಿ ನಿಲ್ಲಿಸಿ, "ವರ್ಷದ ಕೊನೀಗೆ ಬರೋ ಇನ್ಸೆಂಟಿವ್ ಇಷ್ಟ ದಿನ ಇಡೀ ಭಾಗದ ಟಾರ್ಗೆಟ್ ಮ್ಯಾಲೆ ಇತ್ತಲ್ರಿ ಸರ್, ಅದು ಇನ್ನ ಮ್ಯಾಲೆ ನಿಮ್ಮ ಸ್ವಂತ ಕೆಲಸದ ಮ್ಯಾಲೆ. ಆದ್ರ ಪ್ರಮಾಣ ಮೊದಲಿನದ. ಅದನ್ನೂ ಪತ್ರದಾಗ ಬರಸೇನಿ. ಪಗಾರ ಕಡಿಮಿ ಇಲ್ಲ ಅಂತ ಬಾಯಿಂದ ಹೇಳಿ, ಹಿಂದಿನಿಂದ ಇನ್ಸೆಂಟಿವ್ ಕಡಿಮಿ ಮಾಡಿದ್ರ ಅದು ಮೋಸ ಆಕ್ಕೈತಿ," ಎಂದಳು.

ಚನ್ನವೀರಪ್ಪ ಪಗಾರದ ವಿಚಾರ ಕೇಳಿಸಿಕೊಳ್ಳಲೇ ಇಲ್ಲ. "ನಾ ಏನರ ತಪ್ಪ ಮಾಡೇನೇನ್ರಿ?" ಎಂದ.

"ಇಲ್ಲಪಾ," ಎಂದರು ಸಾಹೇಬರು. "ಅಸದಗ ಮೂರು ತಾಲೂಕ ಮೊದಲ ಕೈಯಾಗ ಅದಾವು. ನಿನಗ ಬೆಳಿ ನೋಡೋ ಕಣ್ಣ ಐತಿ. ಇಬ್ಬರನ್ನೂ ಉಳಿಸ್ಕೋಬೇಕಂತನ ಹಿಂಗ ಮಾಡೇವಿ."

"ಸಹಿ ಇವತ್ತ ಬೇಕಂತಿಲ್ರಿ," ಎಂದಳು ಸುಧಾರಾಣಿ. "ಮನ್ಯಾಗ ಮಾತಾಡ್ರಿ. ಎರಡ ದಿನ ಬಿಟ್ಟ ಕಳಸ್ರಿ. ಪ್ರಶ್ನೆ ಇದ್ರ ಫೋನ್ ಮಾಡ್ರಿ."

ಅವನು ಅಲ್ಲಿಯೇ ಪೆನ್ನು ತೆಗೆದು ಸಹಿ ಮಾಡಿದ. ಒಪ್ಪಿಗೆಯಾಗಿ ಮಾಡಿದ್ದಲ್ಲ. ಸೂಪರ್‌ವೈಸರ್‌ಗಳು ಮರಳಿ ಬರುವುದರೊಳಗೆ ಈ ಇಬ್ಬರೂ ಕಾರು ಹತ್ತಿ ಹೋಗಿಬಿಟ್ಟರೆ ಸಾಕಾಗಿತ್ತು ಅವನಿಗೆ. ಹೊರಡುವಾಗ ಸುಧಾರಾಣಿ ಕೇಳಿದಳು: "ಸೂಪರ್‌ವೈಸರ್‌ಗಳಿಗೆ ನಾವ ಮೇಲ್ ಕಳಸ್ತೇವಿ. ರೈತರಿಗೆ ನೀವ ಹೇಳ್ತೀರೋ, ಅಸದ ಹೇಳಬೇಕೋ?"

"ನಾನ ಹೇಳ್ತೇನ್ರಿ," ಎಂದ ಚನ್ನವೀರಪ್ಪ.

ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಆಫೀಸಿನಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಮೇಲ್ ಬಂದ ಮರುದಿನ ಸೂಪರ್‌ವೈಸರ್ ಹುಡುಗರು ಅವನ ಮುಖ ನೋಡದೆ ನಮಸ್ಕಾರ ಹೇಳಿ ತಮ್ಮ ತಮ್ಮ ಬೈಕು ಹತ್ತಿದರು; ರೈತರಿಗೆ ಅವನೇ ಹೇಳಲಿ ಎಂದು ಅವರೂ ಬಾಯಿ ಬಿಡಲಿಲ್ಲ. ಅದಕ್ಕಿಂತ ಅವರು ನಕ್ಕಿದ್ದರೂ ತಡೆದುಕೊಳ್ಳಬಹುದಿತ್ತು. ಆದರೆ ಊರಲ್ಲಿ, ಹೊಲದ ಬದುವಿನ ಮೇಲೆ, ಮನೆಯಲ್ಲಿ ಅವನು ಇನ್ನೂ ಮ್ಯಾನೇಜರೇ. ಹೆಂಡತಿ ಸರೋಜವ್ವ ತಿಂಗಳ ಮೊದಲಿಗೆ ಮೊಬೈಲಿನ ಮೆಸೇಜು ನೋಡಿ, "ಪಗಾರ ಬಂತ ನೋಡ್ರಿ," ಎಂದಳು. ಹಿಂದಿನ ತಿಂಗಳು ಎಷ್ಟೋ ಈ ತಿಂಗಳೂ ಅಷ್ಟೇ ಬಂದಿತ್ತು. ಕಡಿಮೆಯಾಗಿದ್ದರೆ ಹೇಳಲೇಬೇಕಾಗುತ್ತಿತ್ತು. ಕಡಿಮೆಯಾಗದ ಪಗಾರವೇ ಅವನಿಗೆ ಮುಚ್ಚಿಡಲು ದಾರಿ ಮಾಡಿಕೊಟ್ಟಿತು.

ಮೇ ತಿಂಗಳ ಒಂದು ಭಾನುವಾರ ಸರೋಜವ್ವನ ತಮ್ಮ ಪ್ರಶಾಂತ ರಟ್ಟೀಹಳ್ಳಿ ಕಡೆಯ ತನ್ನ ಊರಿನಿಂದ ಬಂದ. ಮಾವಿನಹಣ್ಣಿನ ಬುಟ್ಟಿ ಇಳಿಸಿ, ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಮಾತು ತೆಗೆದ.

"ಮಾವಾರ, ವರ್ಷಾ ಗೋವಿನಜೋಳ ಹಾಕಿ ಹಾಕಿ ಬ್ಯಾಸರ ಆಗೇತಿ. ಈ ಸಲ ಬಾವಿ ಬಾಜೂಕಿನ ಹೊಲದಾಗ ನಿಮ್ಮ ಕಂಪನಿ ಮೆಣಸಿನ ಬೀಜದ ಪ್ಲಾಟ್ ಮಾಡೋಣಂತೇನಿ. ಕೊಡಸ್ತೀರೇನ್ರಿ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸರೋಜವ್ವ, "ಕೊಡಸೋದೇನ ಬಂತು, ಅವರ ಕೈಯಾಗ ಐತಿ," ಎಂದಳು. ಆ ಮಾತಿನಲ್ಲಿ ಹೆಮ್ಮೆಯಿತ್ತು. ತವರಿನವರ ಮುಂದೆ ಗಂಡನ ಬಗ್ಗೆ ಹೆಮ್ಮೆಪಡುವ ಅವಕಾಶ ಅವಳಿಗೆ ಬಹಳ ಬಂದಿರಲಿಲ್ಲ.

ಆಗಲೇ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದದ್ದನ್ನು ಚನ್ನವೀರಪ್ಪ ಎಲೆಯ ರಸದ ಜೊತೆ ನುಂಗಿಕೊಂಡ. "ಆಕ್ಕೈತಿ ತಗೋ. ಹೊಲಾ ಹದಾ ಮಾಡ್ಕೋ," ಎಂದ. ಹೊಲವನ್ನು ನೋಡಿ ಬರುತ್ತೇನೆ ಎಂದು ಕೂಡ ಅನ್ನಲಿಲ್ಲ.

ಪ್ರಶಾಂತ ಮಾತು ಕೇಳಿದ ತಕ್ಷಣ ಕೆಲಸ ಮಾಡುವ ಮನುಷ್ಯ. ಸುತ್ತಲಿನವರೆಲ್ಲ ಮೊದಲ ಮಳೆಗೆ ಗೋವಿನಜೋಳ ಬಿತ್ತಿದರೆ ಅವನು ಆ ಹೊಲವನ್ನು ಖಾಲಿ ಬಿಟ್ಟ. ಗೊಬ್ಬರ ಹಾಕಿಸಿ, ಮಡಿ ಏರಿಸಿ, ಡ್ರಿಪ್ ಪೈಪು ಎಳೆದು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ. ಅದರ ಫೋಟೊ ತೆಗೆದು ಅಕ್ಕನ ಮೊಬೈಲಿಗೆ ಕಳಿಸಿದ. ಸರೋಜವ್ವ ಅದನ್ನು ಗಂಡನಿಗೆ ತೋರಿಸಿ, "ಎಷ್ಟ ಚಂದ ಮಾಡ್ಯಾನ ನೋಡ್ರಿ," ಎಂದಳು. ಚನ್ನವೀರಪ್ಪ ಕನ್ನಡಕ ಹುಡುಕುವ ನೆಪದಲ್ಲಿ ಎದ್ದು ಒಳಗೆ ಹೋದ.

ಜೂನ್ ಕೊನೆಗೆ ಶಿಗ್ಗಾಂವಿ ಆಫೀಸಿನಲ್ಲಿ ಪ್ಲಾಟ್ ಹಂಚುವ ಕೆಲಸ ಶುರುವಾಯಿತು. ಚನ್ನವೀರಪ್ಪ ಅಸದನ ಟೇಬಲ್ಲಿನ ಮುಂದೆ ಬಂದು ನಿಂತ. ಹಿಂದೆ ಅಸದ ತನ್ನ ಮುಂದೆ ಹೀಗೇ ನಿಲ್ಲುತ್ತಿದ್ದ. ಅಸದ ಎದ್ದು ಕುರ್ಚಿ ಎಳೆದು ಕೊಟ್ಟ.

"ಕುಂತ್ರಿ ಸರ್. ನೀವ ಹಂಗ ನಿಂತ್ರ ನನಗ ಕುಂದ್ರಾಕ ಆಗೂದಿಲ್ಲ."

"ಒಂದ ಮಾತಿತ್ತು," ಎಂದ ಚನ್ನವೀರಪ್ಪ. ಇಷ್ಟು ವರ್ಷ 'ನೀ' ಎಂದವನಿಗೆ ಈಗ 'ನೀವು' ಎನ್ನಲೂ ಬಾರದು, 'ನೀ' ಎನ್ನಲೂ ಬಾರದು. "ರಟ್ಟೀಹಳ್ಳಿ ಕಡೆ ಒಬ್ಬ ರೈತ ಅದಾನ. ಹೊಲಾ ತಯಾರ್ ಮಾಡ್ಕೊಂಡಾನ. ಅಲ್ಲಿ ಒಂದ ಪ್ಲಾಟ್ ಹಾಕಿದ್ರ..."

ತನ್ನ ಹೆಂಡತಿಯ ತಮ್ಮ ಎಂದು ಹೇಳಲಿಲ್ಲ. ತಾನು ಆಗಲೇ ಮಾತು ಕೊಟ್ಟಿದ್ದೇನೆ ಎಂದೂ ಹೇಳಲಿಲ್ಲ.

"ಅದಕ್ಕೇನ್ರಿ, ಆ ಊರಾಗ ಇನ್ನೂ ಜಾಗಾ ಐತಿ," ಎಂದ ಅಸದ. "ನೀವ ಹೋಗಿ ಅಂತರ ನೋಡಿ, ಯೋಗ್ಯ ಐತಿ ಅಂತ ಆ್ಯಪ್‌ನಾಗ ವರದಿ ಹಾಕ್ರಿ. ಈ ವರ್ಷದಿಂದ ನಿಮ್ಮ ವರದಿ ಇಲ್ದ ನಾ ಯಾವ ಪ್ಲಾಟೂ ಕೊಡೂ ಹಂಗಿಲ್ಲ."

ಅಂತರ ಎಂದರೆ, ಬೀಜದ ಮೆಣಸಿನ ಹೊಲಕ್ಕೂ ಬೇರೆ ಯಾವುದೇ ಮೆಣಸಿನ ಹೊಲಕ್ಕೂ ನಡುವೆ ಇರಬೇಕಾದ ಬಯಲು. ಕಂಪನಿಯ ನಿಯಮದ ಪ್ರಕಾರ ಇನ್ನೂರು ಮೀಟರ್. ಅದಕ್ಕಿಂತ ಹತ್ತಿರದಲ್ಲಿ ಬೇರೆ ಮೆಣಸಿದ್ದರೆ ಜೇನು ಆ ಹೂವಿನ ಪರಾಗವನ್ನು ಈ ಹೂವಿಗೆ ತರುತ್ತದೆ, ಬೀಜ ಬೆರಕೆಯಾಗುತ್ತದೆ. ಆ ಬೀಜವನ್ನು ಕೊಂಡ ಯಾವುದೋ ಊರಿನ ರೈತನಿಗೆ ಒಂದೇ ಹೊಲದಲ್ಲಿ ನಾಲ್ಕು ನಮೂನೆಯ ಕಾಯಿ ಬರುತ್ತದೆ.

ಮರುದಿನ ಚನ್ನವೀರಪ್ಪ ಪ್ರಶಾಂತನ ಹೊಲಕ್ಕೆ ಹೋದ. ಮಡಿಗಳು ನಿಜಕ್ಕೂ ಚಂದ ಇದ್ದವು. ಬಾವಿಯ ಆಚೆ, ಬದು ದಾಟಿದರೆ, ಪಕ್ಕದ ಹೊಲದವನು ಬ್ಯಾಡಗಿ ಮೆಣಸಿನ ಸಸಿ ನಾಟಿ ಮಾಡಿಸುತ್ತಿದ್ದ. ಹೆಣ್ಣಾಳುಗಳು ಸಾಲಾಗಿ ಬಗ್ಗಿದ್ದರು. ಅವರು ಆಡುವ ಮಾತು ಇಲ್ಲಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಇನ್ನೂರು ಮೀಟರ್ ಎಲ್ಲಿ ಬಂತು, ಐವತ್ತೂ ಇರಲಿಲ್ಲ.

ಪ್ರಶಾಂತ ನೀರು ತಂದುಕೊಟ್ಟು, "ಹೆಂಗೈತ್ರಿ ಮಾವಾರ?" ಎಂದ.

"ಚೊಲೊ ಮಾಡೀದಿ," ಎಂದ.

"ಸಸಿ ಯಾವಾಗ ಬರ್ತಾವ್ರಿ?"

"ಬರ್ತಾವ."

ಬೈಕು ಹತ್ತಿ ಊರ ಹೊರಗಿನ ಬೇವಿನ ಮರದ ಕೆಳಗೆ ಬಂದು ನಿಂತ. ಮೊಬೈಲ್ ತೆಗೆದ. ಅಂತರದ ಜಾಗದಲ್ಲಿ ಇನ್ನೂರೈವತ್ತು ಎಂದು ಬರೆದ. 'ಯೋಗ್ಯ' ಎಂಬುದನ್ನು ಒತ್ತಿದ. ಇಷ್ಟು ವರ್ಷಗಳಲ್ಲಿ ಎಷ್ಟೋ ಸೂಪರ್‌ವೈಸರ್‌ಗಳನ್ನು ಇಂಥ ಸುಳ್ಳು ಬರೆದದ್ದಕ್ಕೆ ಅವನು ರೈತರ ಎದುರಿಗೇ ಬೈದಿದ್ದ. ಒಬ್ಬನನ್ನು ಕೆಲಸದಿಂದಲೂ ತೆಗೆಸಿದ್ದ. ಆ ಹುಡುಗನ ಮುಖ ನೆನಪಿಗೆ ಬಂತು. ಅವನೂ ಹೀಗೇ ಯಾವುದೋ ಮರದ ಕೆಳಗೆ ನಿಂತು ಬರೆದಿರಬೇಕು. ಚನ್ನವೀರಪ್ಪ ಅದನ್ನು ತಲೆಯಿಂದ ಕೊಡವಿಕೊಂಡು ವರದಿ ಕಳಿಸಿದ.

ಮರುದಿನ ಮುಂಜಾನೆ ಅಸದನ ಫೋನು ಬಂತು. "ಸರ್, ರಟ್ಟೀಹಳ್ಳಿ ಪ್ಲಾಟ್ ಮಂಜೂರ್ ಮಾಡೇನಿ. ನಾಳೆ ಸಸಿ ಗಾಡಿ ಹೋಗ್ತೈತಿ. ಹೊಸಾ ಪ್ಲಾಟ್ ಇದ್ರ ನಾ ಒಂದ ಸಲ ಹೋಗಿ ನೋಡ್ತಿದ್ನಿ. ನೀವ ನೋಡೀರಿ ಅಂದ ಮ್ಯಾಲೆ ಮತ್ತ ನಾ ಯಾಕ ನೋಡ್ಲಿ?"

ಚನ್ನವೀರಪ್ಪ 'ಹೂಂ' ಎಂದು ಫೋನು ಇಟ್ಟ. ಸರೋಜವ್ವ ರೊಟ್ಟಿ ಬಡಿಸಿದಳು. ಒಂದು ತುತ್ತು ಮುರಿದವನು ಅದನ್ನು ಗಂಗಾಳದಲ್ಲೇ ಬಿಟ್ಟು ಎದ್ದ. ಹಾನಗಲ್ ದಾಟಿ ಶಿಗ್ಗಾಂವಿ ಮುಟ್ಟುವವರೆಗೆ ಬೈಕು ಎಲ್ಲಿಯೂ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ತಿರುಗಿಸಿಬಿಡುತ್ತೇನೆಂಬ ಹೆದರಿಕೆ ಅವನಿಗಿತ್ತು.

ಅಸದ ಒಬ್ಬನೇ ಇದ್ದ. ಚನ್ನವೀರಪ್ಪ ಈ ಸಲ ಕುರ್ಚಿಯಲ್ಲಿ ಕೂರಲಿಲ್ಲ.

"ಆ ಸಸಿ ಗಾಡಿ ತಡೀರಿ. ನಾ ಸುಳ್ಳ ಬರದೇನಿ. ಬದು ದಾಟಿದ್ರ ಬ್ಯಾಡಗಿ ಮೆಣಸ ಐತಿ. ಆ ರೈತ ನನ್ನ ಹೆಂಡ್ತಿ ತಮ್ಮ."

ಅಸದ ಮೊಬೈಲ್ ತೆಗೆದ. ಗಾಡಿಯವನಿಗೆ ಫೋನು ಮಾಡಿ ಸಸಿ ಇಳಿಸಲು ಹೇಳಿದ. ಆಮೇಲೆ ಕೇಳಿದ: "ಅವರಿಗೆ ನೀವ ಪ್ಲಾಟ್ ಕೊಡ್ತೇನಿ ಅಂತ ಮಾತ ಕೊಟ್ಟಿದ್ರೇನ್ರಿ?"

"ಹೌದು."

"ಯಾವಾಗ?"

"ಮೇದಾಗ."

"ಮೇದಾಗ ನೀವ..." ಎಂದು ಅಸದ ಮಾತು ಪೂರ್ತಿ ಮಾಡಲಿಲ್ಲ. ಮಾಡಿದ್ದರೇ ಚೆನ್ನಾಗಿತ್ತು. ಬೇಕಿಲ್ಲದ ಕಡೆ ಸಿಕ್ಕ ಮರ್ಯಾದೆ ಚನ್ನವೀರಪ್ಪನಿಗೆ ಬೈಗುಳಕ್ಕಿಂತ ಕೆಟ್ಟದಾಗಿ ತಾಗಿತು.

"ಸರ್, ಬ್ಯಾರೇದವರಾಗಿದ್ರ ನಾ ಇಷ್ಟೊತ್ತಿಗೆ ಹುಬ್ಬಳ್ಳಿಗೆ ಬರೀತಿದ್ನಿ."

"ಬರೀರಿ. ನಾ ಬ್ಯಾಡನ್ನೂದಿಲ್ಲ."

"ಬರೀಬೇಕಾಗ್ತೈತ್ರಿ. ವರದಿ ತಿದ್ದಿದ್ರ ಹಳೇದೂ ಅಲ್ಲೇ ಉಳೀತೈತಿ, ಹೊಸಾದೂ ಕಾಣ್ತೈತಿ. ಯಾಕ ತಿದ್ದಿದ್ರಿ ಅಂತ ಕಾರಣ ಕೇಳ್ತೈತಿ. ಅದರಾಗ ಖರೇನ ಬರೀರಿ. ಸಸಿ ನಾಟೋಕಿಂತ ಮೊದಲ ತಾವಾಗೇ ಬಂದ ಹೇಳಿದ್ರು ಅಂತ ನಾನೂ ಬರೀತೇನಿ."

ಅಸದನ ಎದುರಿಗೇ ಕೂತು ಚನ್ನವೀರಪ್ಪ ವರದಿ ತಿದ್ದಿದ. 'ಅಂತರ ಐವತ್ತು ಮೀಟರಿಗಿಂತ ಕಡಿಮೆ. ಪ್ಲಾಟಿಗೆ ಯೋಗ್ಯವಲ್ಲ. ಮೊದಲಿನ ವರದಿಯನ್ನು ಸಂಬಂಧಿಕರೆಂಬ ಕಾರಣಕ್ಕೆ ತಪ್ಪಾಗಿ ಬರೆದಿದ್ದೆ.' ವಾರದ ಮೇಲೆ ಹುಬ್ಬಳ್ಳಿಯಿಂದ ಎಚ್ಚರಿಕೆಯ ಪತ್ರ ಬಂತು. ಸುಧಾರಾಣಿ ಫೋನು ಮಾಡಿ, ಇದು ಹುದ್ದೆ ಬದಲಾದದ್ದಕ್ಕೆ ಸಂಬಂಧಿಸಿದ್ದಲ್ಲ, ಈ ಒಂದು ವರದಿಗೆ ಮಾತ್ರ ಸಂಬಂಧಿಸಿದ್ದು ಎಂದು ಬಿಡಿಸಿ ಹೇಳಿದಳು. ಮೊದಲನೆಯ ಪತ್ರದಲ್ಲಿ ಅವನು ತಪ್ಪು ಮಾಡಿಲ್ಲವೆಂದು ಬರೆದಿತ್ತು. ಅದನ್ನು ಅವನು ನಂಬಿರಲಿಲ್ಲ. ಎರಡನೆಯದನ್ನು ನಂಬದೆ ಉಪಾಯವಿರಲಿಲ್ಲ.

ಆದರೆ ಅದೆಲ್ಲ ಆಮೇಲಿನ ಮಾತು. ವರದಿ ತಿದ್ದಿದ ದಿನ ಅವನು ನೇರ ಮನೆಗೆ ಬಂದು, "ಪ್ರಶಾಂತನ ಊರಿಗೆ ಹೋಗಬೇಕು, ನೀನೂ ಬಾ," ಎಂದು ಸರೋಜವ್ವನನ್ನು ಬೈಕಿನ ಹಿಂದೆ ಕೂರಿಸಿಕೊಂಡ. ಸಸಿ ಬರುವ ಸುದ್ದಿ ಹೇಳಲಿಕ್ಕಿರಬೇಕೆಂದು ಅವಳು ಒಂದು ಕಟ್ಟು ಊದಿನಕಡ್ಡಿ, ತೆಂಗಿನಕಾಯಿ ಚೀಲದಲ್ಲಿಟ್ಟುಕೊಂಡಳು. ದಾರಿಯಲ್ಲಿ ಹೇಳಬೇಕೆಂದುಕೊಂಡ. ಗಾಳಿಯಲ್ಲಿ ಕೇಳಿಸುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡ.

ಪ್ರಶಾಂತ ಕಟ್ಟೆಯ ಮೇಲೆ ನೆರೆಯವರಿಬ್ಬರ ಜೊತೆ ಕೂತಿದ್ದ. ಚನ್ನವೀರಪ್ಪ ಮೆಟ್ಟು ಬಿಡದೆ ನಿಂತಲ್ಲೇ ಹೇಳಿದ.

"ಪ್ರಶಾಂತ, ಪ್ಲಾಟ್ ಆಗೂದಿಲ್ಲೋ. ಬಾಜೂಕ ಮೆಣಸ ಐತಿ, ಬೀಜಾ ಕೆಡ್ತೈತಿ."

"ಅದು ನಿಮ್ಮ ಕೈಯಾಗ ಐತಲ್ರಿ ಮಾವಾರ. ಮ್ಯಾನೇಜರ್ ಅದೀರಿ."

"ಇಲ್ಲ. ಏಪ್ರಿಲ್‌ನಾಗ ತೆಗದ್ರು. ಈಗ ನಾ ಬರೇ ಬೀಜಾ ನೋಡಾಂವ. ನನ್ನ ಕೈಕೆಳಗ ಯಾರೂ ಇಲ್ಲ, ನನ್ನ ಕೈಯಾಗ ಏನೂ ಇಲ್ಲ."

ನೆರೆಯವರು ಒಬ್ಬರನ್ನೊಬ್ಬರು ನೋಡಿದರು. ಪ್ರಶಾಂತ ಮೊದಲು ನಕ್ಕ. ಚೇಷ್ಟೆ ಎಂದುಕೊಂಡಿದ್ದ. ಆಮೇಲೆ ಅಕ್ಕನ ಮುಖ ನೋಡಿದ. ಅವಳಿಗೂ ಗೊತ್ತಿರಲಿಲ್ಲ ಎಂಬುದು ಆ ಮುಖದಲ್ಲಿ ಎದ್ದು ಕಾಣುತ್ತಿತ್ತು.

"ಏಪ್ರಿಲ್‌ನಾಗ?" ಎಂದ ಪ್ರಶಾಂತ. "ಮತ್ತ ಮೇದಾಗ ನನಗ ಹೊಲಾ ಹದಾ ಮಾಡ್ಕೋ ಅಂದಾವರ ಯಾರ್ರಿ? ಬಿತ್ತೋ ಹೊತ್ತ ದಾಟಿ ಹೋತು. ಊರ ಮಂದಿಗೆಲ್ಲಾ ನಮ್ಮ ಮಾವಾರ ಮ್ಯಾನೇಜರ್ ಅದಾರ, ಪ್ಲಾಟ್ ಕೊಡ್ತಾರ ಅಂತ ಹೇಳ್ಕೋತ ತಿರಗೇನಿ. ಒಂದ ಮಾತ ಹೇಳಿದ್ರ ಆಗ್ತಿರ್ಲಿಲ್ಲೇನ್ರಿ? ನಾವೇನ ನಿಮ್ಮ ಕುರ್ಚಿ ನೋಡಿ ಅಕ್ಕನ್ನ ಕೊಟ್ಟೇವೇನು?"

ಚನ್ನವೀರಪ್ಪನಿಗೆ ತಲೆ ಎತ್ತಲಾಗಲಿಲ್ಲ. "ನಾಚಿಕಿ ಆತೋ," ಎಂದ. ಮುಚ್ಚಿಟ್ಟದ್ದೇಕೆಂದು ಅವನು ಹೇಳಿದ ನೇರವಾದ ಮಾತು ಅದೊಂದೇ. ಆದರೆ ಅದು ಉತ್ತರದ ಹಾಗೆ ಯಾರಿಗೂ ಕೇಳಿಸಲಿಲ್ಲ.

ಮರಳಿ ಬರುವಾಗ ಅರ್ಧ ದಾರಿಯಲ್ಲಿ ಸರೋಜವ್ವ ಬೈಕು ನಿಲ್ಲಿಸಲು ಹೇಳಿ, ಇಳಿದು ರಸ್ತೆಯ ಬದಿಗೆ ನಿಂತಳು.

"ಪಗಾರ ಕಡಿಮಿ ಮಾಡ್ಯಾರೇನ್ರಿ?"

"ಇಲ್ಲ. ಅಷ್ಟ ಐತಿ."

"ಬೈದ ತೆಗದ್ರೇನು?"

"ಇಲ್ಲ. ತಪ್ಪಿಲ್ಲ ಅಂತ ಬರದ ಕೊಟ್ಟಾರ. ಎರಡ ಭಾಗ ಕೂಡಿಸಿದ್ರು, ಅದಕ್ಕ."

"ಮತ್ತ ಮುಚ್ಚಿಡೋ ಅಂಥಾದ್ದ ಏನಿತ್ತ ಅದರಾಗ? ನನ್ನ ತಮ್ಮನ ಕಟ್ಟಿ ಮುಂದ, ಮಂದಿ ಎದುರಿಗೆ, ನಾ ಮಂದೀ ಕೂಡ ಕೇಳಬೇಕಾತಲ್ರಿ."

ಅವಳ ಕಣ್ಣಲ್ಲಿ ನೀರಿರಲಿಲ್ಲ. ಹುದ್ದೆ ಹೋದದ್ದು ಒಂದು ಹಿಡಿಯಷ್ಟು ನಾಚಿಕೆ. ಅದನ್ನು ಬಚ್ಚಿಡಲು ಹೋಗಿ ಮಾಡಿಕೊಂಡದ್ದು ಮೂಟೆಯಷ್ಟು. ಅದು ಅವನಿಗೂ ತಿಳಿದಿತ್ತು. ಆದರೆ ರಸ್ತೆಯ ಬದಿಯಲ್ಲಿ ನಿಂತು ಹೆಂಡತಿಗೆ ಅದನ್ನು ಹೇಳುವ ಭಾಷೆ ಅವನಲ್ಲಿರಲಿಲ್ಲ.

ಮುಂದಿನ ದಿನಗಳಲ್ಲಿ ಅವನು ಸೂಪರ್‌ವೈಸರ್‌ಗಳ ಮೇಲೆ ಬಿಡದೆ, ತಾನೇ ಒಂದೊಂದು ಊರಿಗೆ ಹೋಗಿ ರೈತರಿಗೆ ಹೇಳಿದ. "ನಾ ಈಗ ಮ್ಯಾನೇಜರ್ ಅಲ್ರಿ. ಪ್ಲಾಟಿನ ಮಾತಿದ್ರ ಅಸದ ಅವರನ್ನ ಕೇಳ್ರಿ. ಬೆಳಿ ತೊಂದರಿ ಇದ್ರ ನನಗ ಹೇಳ್ರಿ." ಮೊದಲ ಊರಿನಲ್ಲಿ ಹೇಳುವಾಗ ಕಿವಿ ಬಿಸಿಯಾಯಿತು. ಹತ್ತನೆಯ ಊರಿನಲ್ಲೂ ಆಯಿತು. ಕೆಲವರು ಚಹಾ ಕೊಟ್ಟರು. ಕೆಲವರು ಅಸದನ ಫೋನ್ ನಂಬರು ಮಾತ್ರ ಕೇಳಿದರು. ಒಬ್ಬ ಮುದುಕ, "ಏನ ತಿಂದಿದ್ದೆಪಾ?" ಎಂದು ಕೇಳಿಯೇ ಬಿಟ್ಟ. ಏನೂ ತಿಂದಿಲ್ಲವೆಂದು ಚನ್ನವೀರಪ್ಪ ಪ್ರಮಾಣ ಮಾಡಬಹುದಿತ್ತು. ಬೇವಿನ ಮರದ ಕೆಳಗೆ ನಿಂತು ಬರೆದದ್ದು ನೆನಪಾಗಿ ಸುಮ್ಮನೆ ಹೊರಬಂದ.

ನಾಗರ ಪಂಚಮಿ ಬಂತು. ಪ್ರತಿ ವರ್ಷ ಅಕ್ಕನನ್ನು ಹಬ್ಬಕ್ಕೆ ತವರಿಗೆ ಕರೆಯಲು ಎರಡು ದಿನ ಮೊದಲೇ ಬರುತ್ತಿದ್ದ ಪ್ರಶಾಂತ ಈ ಸಲ ಬರಲಿಲ್ಲ. ಸರೋಜವ್ವ ಬಾಗಿಲ ಕಡೆ ನೋಡಿ ನೋಡಿ, ಕೊನೆಗೆ ತಾನೇ ಉಂಡಿ ಕಟ್ಟಿ ಡಬ್ಬಿಗೆ ತುಂಬಿಕೊಂಡು ರಟ್ಟೀಹಳ್ಳಿಯ ಬಸ್ಸು ಹತ್ತಿದಳು. ಬಸ್ ಸ್ಟ್ಯಾಂಡಿನವರೆಗೆ ಬಿಡುತ್ತೇನೆ ಎಂದ ಗಂಡನಿಗೆ, "ಬ್ಯಾಡ್ರಿ, ನಡಕೊಂಡ ಹೋಗ್ತೇನಿ," ಎಂದಳು.

ಪ್ರಶಾಂತ ಆ ಹೊಲಕ್ಕೆ ತಡವಾಗಿ ಉಳ್ಳಾಗಡ್ಡಿ ಹಾಕಿದ. ಬೆಳೆ ತೀರಾ ಕೆಟ್ಟದ್ದೇನೂ ಬರಲಿಲ್ಲ. ಕಾರ್ತಿಕದಲ್ಲಿ ಒಂದು ದಿನ ಚನ್ನವೀರಪ್ಪ ಪಕ್ಕದ ಊರಿನ ಬೀಜದ ಪ್ಲಾಟ್ ನೋಡಲು ಹೋದವನು, ಧೈರ್ಯ ಮಾಡಿ ಅವನ ಕಟ್ಟೆಯವರೆಗೆ ಹೋದ. ಪ್ರಶಾಂತ ಗಡ್ಡಿ ಆರಿಸುತ್ತಿದ್ದ. ಎದ್ದು ನಿಂತ. "ಬರ್ರಿ," ಎಂದ. ಚಾಪೆ ಹಾಸಿದ, ಒಳಗೆ ಚಹಾ ಇಡಲು ಹೇಳಿದ. ಚಹಾ ಬರುವವರೆಗೆ ಇಬ್ಬರೂ ಉಳ್ಳಾಗಡ್ಡಿಯ ದರದ ಬಗ್ಗೆ ಮಾತಾಡಿದರು. ಒಂದು ಸಲವೂ ಅವನು 'ಮಾವಾರ' ಎನ್ನಲಿಲ್ಲ. ಚನ್ನವೀರಪ್ಪ ಅದನ್ನು ಕಾದು ಕೂತಿದ್ದು, ಕಪ್ಪು ಖಾಲಿಯಾದ ಮೇಲೆ ಎದ್ದ.